ಆದಾಯ ತೆರಿಗೆ ನೋಟೀಸು ಬಂದಾಗ: ಉತ್ತರ ತಾವೇ ಕೊಡುವುದೇ, ತಜ್ಞರನ್ನು ಹಿಡಿಯುವುದೇ?

ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲವೆಂಬುದು ರೈತರೆಲ್ಲರಿಗೂ ತಿಳಿದ ಸಂಗತಿ. ಆದರೂ ಬೇಸಾಯವನ್ನೇ ನಂಬಿದ ಅನೇಕರಿಗೆ ತೆರಿಗೆ ಇಲಾಖೆಯಿಂದ ನೋಟೀಸು ಬರುವುದುಂಟು. ಇದಕ್ಕೆ ಸಾಮಾನ್ಯ ಕಾರಣ ಬ್ಯಾಂಕಿನಲ್ಲಿ ಕಟ್ಟಿದ ನಗದು. ಒಂದು ಆರ್ಥಿಕ ವರ್ಷದಲ್ಲಿ ಒಬ್ಬರ ಉಳಿತಾಯ ಖಾತೆಗಳಿಗೆ ಒಟ್ಟು 10 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಜಮೆಯಾದರೆ ಬ್ಯಾಂಕು ಆ ಸಂಗತಿಯನ್ನು ಇಲಾಖೆಗೆ ವರದಿ ಮಾಡುತ್ತದೆ. ಹಣ ಟೊಮೆಟೊದಿಂದ ಬಂತೋ, ಬೇರೆ ವ್ಯಾಪಾರದಿಂದ ಬಂತೋ ಎಂಬುದು ಆ ವರದಿಯಲ್ಲಿ ಇರುವುದಿಲ್ಲ. ಅದನ್ನು ತೋರಿಸಿಕೊಡುವ ಹೊಣೆ ಖಾತೆದಾರರದು.

ಮೊದಲು ನೋಡಬೇಕಾದ ಮೂರು ಸಂಗತಿಗಳು

ಮೊದಲನೆಯದು, ನೋಟೀಸು ನಿಜವಾದದ್ದೇ ಎಂಬುದು. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳ ಮೇಲೆ DIN ಎಂಬ ಗುರುತು ಸಂಖ್ಯೆ ಇರಬೇಕೆಂದು ನಿಯಮವಾಗಿದೆ. incometax.gov.in ತಾಣದಲ್ಲಿ Authenticate Notice/Order Issued by ITD ಎಂಬಲ್ಲಿ ಆ ಸಂಖ್ಯೆಯನ್ನು ಕೊಟ್ಟರೆ ಪತ್ರ ಅಸಲಿಯೋ ನಕಲಿಯೋ ತಿಳಿಯುತ್ತದೆ. ಇದಕ್ಕೆ ಪಾಸ್‌ವರ್ಡ್ ಬೇಕಾಗಿಲ್ಲ.

ಎರಡನೆಯದು, ಉತ್ತರಕ್ಕೆ ಕೊಟ್ಟ ಕೊನೆಯ ದಿನಾಂಕ. ಪಾನ್ ಮಾಡಿಸುವಾಗ ಸೈಬರ್ ಅಂಗಡಿಯವರ ಇ-ಮೇಲ್ ವಿಳಾಸವನ್ನೇ ಕೊಟ್ಟಿದ್ದರೆ ನೋಟೀಸು ಅಲ್ಲಿಗೆ ಹೋಗಿ, ಕೈಗೆ ಸಿಗುವಷ್ಟರಲ್ಲಿ ಅರ್ಧ ಅವಧಿ ಕಳೆದಿರುತ್ತದೆ. ತಾಣದಲ್ಲಿ ತಮ್ಮದೇ ಮೊಬೈಲು ಮತ್ತು ಇ-ಮೇಲ್ ಇರುವಂತೆ ತಿದ್ದಿಸಿಕೊಳ್ಳಬೇಕು.

ಮೂರನೆಯದು, ಸೆಕ್ಷನ್ ಸಂಖ್ಯೆ. ತಾವೇ ಉತ್ತರಿಸಬಹುದೇ ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇದೇ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಗೆ ಬಂದಿದ್ದರೂ, ಹಿಂದಿನ ವರ್ಷಗಳಿಗೆ ಸಂಬಂಧಿಸಿದ ನೋಟೀಸುಗಳಿಗೆ 1961ರ ಕಾಯಿದೆಯ ಸೆಕ್ಷನ್‌ಗಳೇ ಅನ್ವಯಿಸುತ್ತವೆ.

ಯಾವುದಕ್ಕೆ ತಾವೇ ಉತ್ತರಿಸಬಹುದು?

‘ನಿಮ್ಮ ಖಾತೆಯಲ್ಲಿ ದೊಡ್ಡ ವ್ಯವಹಾರ ಕಂಡುಬಂದಿದೆ, ವಿವರ ತಿಳಿಸಿ’ ಎಂಬ ಸಂದೇಶ ಮಾತ್ರ ಬಂದಿದ್ದರೆ ಅದಿನ್ನೂ ನೋಟೀಸಲ್ಲ. ತಾಣದಲ್ಲಿ AIS ಎಂಬ ವಾರ್ಷಿಕ ಮಾಹಿತಿ ಪಟ್ಟಿಯನ್ನು ತೆರೆದು ಆ ಜಮೆಯ ಎದುರು ತಮ್ಮ ವಿವರಣೆಯನ್ನು ದಾಖಲಿಸಬಹುದು. ಸಲ್ಲಿಸಿದ ರಿಟರ್ನಿನಲ್ಲಿ ದೋಷವಿದೆಯೆಂದು 139(9)ರಡಿ ಬಂದ ಪತ್ರಕ್ಕೆ 15 ದಿನಗಳಲ್ಲಿಯೂ, 143(1)ರಡಿ ಲೆಕ್ಕ ತಿದ್ದುವ ಪ್ರಸ್ತಾಪಕ್ಕೆ 30 ದಿನಗಳಲ್ಲಿಯೂ ಉತ್ತರ ಕೊಡಬೇಕು. ತಪ್ಪು ಎಲ್ಲಿದೆಯೆಂದು ಓದಿ ಅರ್ಥವಾದರೆ ಇವನ್ನೂ ತಾವೇ ಮಾಡಬಹುದು.

148ಎ, 148, 143(2) ಎಂಬ ಸಂಖ್ಯೆಗಳಿದ್ದರೆ ಅಥವಾ 142(1)ರಡಿ ಪ್ರಶ್ನಾವಳಿ ಬಂದಿದ್ದರೆ ವಿಷಯ ಬೇರೆ. 148ಎ ಎಂದರೆ ‘ನಿಮ್ಮ ಆದಾಯ ತೆರಿಗೆಯಿಂದ ತಪ್ಪಿಸಿಕೊಂಡಂತೆ ಕಾಣುತ್ತದೆ, ಆ ವರ್ಷದ ಕಡತವನ್ನು ಏಕೆ ತೆರೆಯಬಾರದು?’ ಎಂಬ ಕಾರಣ ಕೇಳುವ ನೋಟೀಸು. ಇಲ್ಲಿ ಕೊಟ್ಟ ಉತ್ತರ ಮುಂದಿನ ಎಲ್ಲ ಹಂತಗಳಲ್ಲೂ, ಅಪೀಲಿನಲ್ಲಿಯೂ ಜೊತೆಗೇ ಬರುತ್ತದೆ. ಆದ್ದರಿಂದ ಮೊದಲ ಉತ್ತರವನ್ನೇ ಚಾರ್ಟರ್ಡ್ ಅಕೌಂಟೆಂಟರಿಂದ ಅಥವಾ ತೆರಿಗೆ ವಕೀಲರಿಂದ ಬರೆಸುವುದು ಕ್ಷೇಮ.

ಒಂದು ಉದಾಹರಣೆ

ಕೋಲಾರದ ಕಡೆಯ ಒಬ್ಬ ಟೊಮೆಟೊ ಬೆಳೆಗಾರರನ್ನು ಕಲ್ಪಿಸಿಕೊಳ್ಳೋಣ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಈ ಬೆಳೆಗಾರರು 2023-24ರಲ್ಲಿ ತಮ್ಮ ಖಾತೆಗೆ ಒಟ್ಟು 18,40,000 ರೂಪಾಯಿ ನಗದು ಕಟ್ಟಿದ್ದಾರೆ. ರಿಟರ್ನು ಸಲ್ಲಿಸಿಲ್ಲ. ಈಗ 148ಎ ನೋಟೀಸು ಬಂದಿದೆ.

ಅವರು ‘ಎಲ್ಲವೂ ಟೊಮೆಟೊ ಹಣ’ ಎಂದು ಒಂದೇ ಸಾಲು ಬರೆದು ಕಳುಹಿಸಿದರೆ ಕೆಲಸ ಕೆಡುತ್ತದೆ. ಏಕೆಂದರೆ ಪಾಸ್ ಪುಸ್ತಕದ ಒಂದೊಂದು ಜಮೆಯ ಎದುರೂ ಮೂಲವನ್ನು ಬರೆಯುತ್ತ ಹೋದರೆ ಲೆಕ್ಕ ಹೀಗೆ ನಿಲ್ಲುತ್ತದೆ: ಸುಮಾರು 1,000 ಬಾಕ್ಸ್ ಮಾರಿ, ಕಮಿಷನ್ನು ಮತ್ತು ಬಾಡಿಗೆ ಕಳೆದು ಕೈಗೆ ಬಂದದ್ದು 14,90,000. ಕೊಳವೆ ಬಾವಿ ಕೊರೆಸಲು ಅದೇ ಖಾತೆಯಿಂದ ತೆಗೆದು, ಕೆಲಸ ಮುಂದಕ್ಕೆ ಹೋದುದರಿಂದ ಮರಳಿ ಕಟ್ಟಿದ್ದು 1,90,000. ಉಳಿದ 1,60,000 ಊರಿನವರ ಹೊಲಗಳಿಗೆ ಟ್ರ್ಯಾಕ್ಟರ್ ಬಾಡಿಗೆ ಹೊಡೆದದ್ದು.

ಮೊದಲನೆಯದು ಸೆಕ್ಷನ್ 10(1)ರ ಪ್ರಕಾರ ತೆರಿಗೆಯಿಲ್ಲದ ಕೃಷಿ ಆದಾಯ. ಎರಡನೆಯದು ಆದಾಯವೇ ಅಲ್ಲ. ಮೂರನೆಯದು ಮಾತ್ರ ಕೃಷಿ ಆದಾಯವಲ್ಲ. ಇತರರ ಹೊಲದಲ್ಲಿ ಕೂಲಿಗೆ ಉತ್ತ ಟ್ರ್ಯಾಕ್ಟರಿನ ಗಳಿಕೆ ವ್ಯಾಪಾರದ ಆದಾಯವೆನಿಸುತ್ತದೆ. ಹಾಲು ಮಾರಿದ ಹಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಆ ವರ್ಷ ಹೊಸ ಪದ್ಧತಿಯಲ್ಲಿ 3 ಲಕ್ಷದವರೆಗೆ ತೆರಿಗೆ ಇರಲಿಲ್ಲವಾದ್ದರಿಂದ, ಬೇರೆ ಆದಾಯ ಹೆಚ್ಚೇನೂ ಇಲ್ಲದಿದ್ದರೆ ಇದನ್ನು ಒಪ್ಪಿಕೊಂಡರೂ ತೆರಿಗೆ ಬೀಳುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಉಳಿದ 14,90,000ದ ಮೇಲೂ ಅಧಿಕಾರಿಗಳಿಗೆ ಸಂಶಯ ಹುಟ್ಟುತ್ತದೆ.

ಉತ್ತರವನ್ನೇ ಕೊಡದಿದ್ದರೆ ನಷ್ಟವೆಷ್ಟು? ಮೂಲ ತೋರಿಸದ ನಗದನ್ನು ಸೆಕ್ಷನ್ 69ಎ ಅಡಿ ಆದಾಯವೆಂದು ಎಣಿಸಿದರೆ ಆ ವರ್ಷಕ್ಕೆ ತೆರಿಗೆ ನೂರಕ್ಕೆ 60. ಅದರ ಮೇಲೆ 25ರ ಸರ್‌ಚಾರ್ಜು, ಮತ್ತೆ 4ರ ಸೆಸ್ಸು ಸೇರಿ ನೂರಕ್ಕೆ 78 ಆಗುತ್ತದೆ. 18,40,000ಕ್ಕೆ ಇದು 14,35,200 ರೂಪಾಯಿ. ಬಡ್ಡಿ ಮತ್ತು ದಂಡ ಬೇರೆ. ಒಂದು ಪೈಸೆ ತೆರಿಗೆ ಬಾಕಿಯಿಲ್ಲದವರೂ ಸುಮ್ಮನೆ ಕುಳಿತರೆ ಇಷ್ಟು ಕಟ್ಟಬೇಕಾದೀತು.

ಮೊದಲ ಭೇಟಿಗೆ ಒಯ್ಯಬೇಕಾದವು

1. ನೋಟೀಸಿನ ಎಲ್ಲ ಪುಟಗಳು, ಅನುಬಂಧ ಸಹಿತ. ಯಾವ ಖಾತೆ, ಎಷ್ಟು ಹಣ ಎಂಬುದು ಸಾಮಾನ್ಯವಾಗಿ ಅನುಬಂಧದಲ್ಲಿಯೇ ಇರುತ್ತದೆ.

2. ಪಾನ್, ಆಧಾರ್, ಆ ವರ್ಷದ AIS ಪ್ರತಿ, ಹಿಂದೆ ರಿಟರ್ನು ಸಲ್ಲಿಸಿದ್ದರೆ ಅದರ ಪ್ರತಿ.

3. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಲ್ಲ ಖಾತೆಗಳ ವಿವರ, ಬೆಳೆ ಸಾಲದ ಖಾತೆಯೂ ಸೇರಿ.

4. ಅದೇ ವರ್ಷದ ಪಹಣಿ. ಬೆಳೆಯ ಕಾಲಂ ನೋಡಿಕೊಳ್ಳಬೇಕು. ಅಲ್ಲಿ ರಾಗಿ ಎಂದಿದ್ದು ತಾವು ಟೊಮೆಟೊ ಮಾರಿದ್ದರೆ ನರ್ಸರಿಯ ಸಸಿ ಬಿಲ್ಲು, ಗೊಬ್ಬರ ಮತ್ತು ಔಷಧಿಯ ಬಿಲ್ಲುಗಳು ಅಗತ್ಯ. ಜಮೀನು ತಂದೆಯವರ ಹೆಸರಿನಲ್ಲಿದ್ದರೆ ವಂಶವೃಕ್ಷ ಅಥವಾ ವಿಭಾಗಪತ್ರ, ಗುತ್ತಿಗೆಯದಾದರೆ ಕರಾರು ಪತ್ರ ಒಯ್ಯಬೇಕು.

5. ಮಂಡಿಯ ಬಿಲ್ಲುಗಳು, ದಿನಾಂಕದ ಕ್ರಮದಲ್ಲಿ. ಕಳೆದಿದ್ದರೆ ಮಂಡಿಯವರ ಲೆಕ್ಕದ ಪುಸ್ತಕದಿಂದ ನಕಲು ಪಡೆಯಬೇಕು. ಹೊಸದಾಗಿ ಹಳೆಯ ದಿನಾಂಕ ಹಾಕಿಸಿ ಬಿಲ್ಲು ಬರೆಸಲೇಬಾರದು. ಇಲಾಖೆಯು ಮಂಡಿಯವರಿಂದಲೇ ವಿವರ ತರಿಸಿ ತಾಳೆ ನೋಡಬಲ್ಲದು.

6. ಜಮೆಯ ದಿನಾಂಕ, ಮೊತ್ತ, ಮೂಲ, ಆಧಾರದ ಕಾಗದ ಎಂಬ ನಾಲ್ಕು ಕಾಲಂಗಳ ಒಂದು ಹಾಳೆ. ಕಾಗದವಿಲ್ಲದ ಜಮೆಯನ್ನು ಖಾಲಿ ಬಿಡಬೇಕು, ಊಹಿಸಿ ತುಂಬಬಾರದು. ತಜ್ಞರು ಮೊದಲು ನೋಡುವುದು ಆ ಖಾಲಿ ಜಾಗಗಳನ್ನೇ.

ಅಸಲು ಕಾಗದಗಳನ್ನು ತೋರಿಸಿ ನಕಲುಗಳನ್ನು ಮಾತ್ರ ಕೊಟ್ಟು ಬರಬೇಕು.

ಭೇಟಿಯಲ್ಲಿ ಕೇಳಬೇಕಾದ್ದು

ಶುಲ್ಕ ಈ ಉತ್ತರಕ್ಕೆ ಮಾತ್ರವೇ, ಕಡತ ತೆರೆದರೆ ಮುಂದಿನ ವಿಚಾರಣೆಗೂ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಉಳಿಸಿಕೊಟ್ಟ ತೆರಿಗೆಯಲ್ಲಿ ಪಾಲು ಕೇಳುವವರನ್ನೂ, ಅಧಿಕಾರಿಗೆ ಕೊಡಬೇಕೆಂದು ಹಣ ಕೇಳುವವರನ್ನೂ ಬಿಟ್ಟು ಬೇರೆಯವರ ಬಳಿ ಹೋಗಬೇಕು. ತಮ್ಮ ಪರವಾಗಿ ನಡೆದುಕೊಳ್ಳಲು ಅಧಿಕಾರ ಪತ್ರ ಕೊಡಬಹುದು. ಬ್ಯಾಂಕಿನ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಕೂಡದು. ಉತ್ತರ ಕಳುಹಿಸುವ ಮುನ್ನ ಕರಡನ್ನು ಕನ್ನಡದಲ್ಲಿ ಓದಿಸಿ ಕೇಳಬೇಕು. ಕಳುಹಿಸಿದ ಮೇಲೆ e-Proceedings ಪುಟದಲ್ಲಿ ಸಿಗುವ ಸ್ವೀಕೃತಿಯ ಪ್ರತಿಯನ್ನು ಮಂಡಿ ಬಿಲ್ಲುಗಳ ಜೊತೆಯಲ್ಲೇ ಕಟ್ಟಿಡಬೇಕು.