ರಾತ್ರಿ ಬಂದ ಇಮೇಲ್‌ಗೆ ಉತ್ತರ ಯಾವಾಗ?

ಫ್ರಾನ್ಸ್‌ನಲ್ಲಿ ಸಂಜೆ ಆರರ ನಂತರ ಕಚೇರಿಯ ಇಮೇಲ್ ಕಳಿಸುವುದೇ ಅಪರಾಧ ಎಂಬ ಸುದ್ದಿ ಹೊರದೇಶಗಳ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಅದು ನಿಜವಲ್ಲ. 2016ರ ಆಗಸ್ಟ್ 8ರಂದು ಬಂದು 2017ರ ಜನವರಿ 1ರಿಂದ ಜಾರಿಯಾದ ಕಾನೂನು ಕೆಲಸಗಾರರಿಗೆ ‘ಸಂಪರ್ಕ ಕಡಿದುಕೊಳ್ಳುವ ಹಕ್ಕು’ ಕೊಟ್ಟಿತು, ಆದರೆ ಯಾವ ಗಂಟೆಯನ್ನೂ ಗೊತ್ತುಮಾಡಲಿಲ್ಲ. ಆಗಿನ ಕಾರ್ಮಿಕ ಸಚಿವೆ ಮಿರಿಯಮ್ ಎಲ್ ಖೊಮ್ರಿ ಅವರ ಹೆಸರಿನಿಂದಲೇ ಈ ಕಾನೂನು ಪರಿಚಿತ. ಆಡಳಿತ ಮತ್ತು ಕಾರ್ಮಿಕ ಸಂಘಗಳು ಕೂತು ಮಾತಾಡಿ ತಮ್ಮ ಸಂಸ್ಥೆಗೆ ಹೊಂದುವ ನಿಯಮ ಮಾಡಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಒಪ್ಪಂದ ಆಗದಿದ್ದರೆ ಆಡಳಿತವೇ ನೌಕರರ ಪ್ರತಿನಿಧಿ ಸಮಿತಿಯ ಅಭಿಪ್ರಾಯ ಕೇಳಿ ಒಂದು ಸನ್ನದು ಬರೆಯಬೇಕು. ಸನ್ನದು ಬರೆಯದ ಸಂಸ್ಥೆಗೆ ಇಂತಿಷ್ಟು ದಂಡ ಎಂದು ಮಾತ್ರ ಎಲ್ಲೂ ಇಲ್ಲ. ಈ ಕಾನೂನಿನ ದೊಡ್ಡ ಕೊರತೆ ಅದೇ.

ಹಾಗಾದರೆ ಹಕ್ಕಿಗೆ ಬಲ ಬರುವುದು ಎಲ್ಲಿಂದ? ಅದಕ್ಕಿಂತ ಹಳೆಯದಾದ ವಿಶ್ರಾಂತಿಯ ನಿಯಮದಿಂದ. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ ಸತತ 11 ಗಂಟೆ ಬಿಡುವು ಸಿಗಬೇಕು. ವಾರಕ್ಕೊಮ್ಮೆ ಆ 11ರ ಜೊತೆ ಇನ್ನೂ 24 ಸೇರಿ ಒಟ್ಟು 35 ಗಂಟೆ. ಇದರ ಬೆಲೆ ತಿಳಿಯುವುದು ‘ಕಾದ್ರ್’ ಎಂದು ಕರೆಯುವ ಮೇಲ್ದರ್ಜೆಯ ನೌಕರರ ವಿಷಯದಲ್ಲಿ. ಅವರಲ್ಲಿ ಅನೇಕರ ಒಪ್ಪಂದ ದುಡಿಮೆಯನ್ನು ಗಂಟೆಯಲ್ಲಿ ಎಣಿಸುವುದೇ ಇಲ್ಲ, ದಿನದಲ್ಲಿ ಎಣಿಸುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ 218 ದಿನ. ವಾರಕ್ಕೆ 35 ಗಂಟೆ ಎಂಬ ಹೆಸರಾದ ಮಿತಿ ಅವರಿಗೆ ಅನ್ವಯಿಸದು. ರಾತ್ರಿಯ ಇಮೇಲ್ ಹೆಚ್ಚಾಗಿ ಹೋಗಿ ಸೇರುವುದೂ ಅವರಿಗೇ.

ಲಿಯೋಂ ನಗರದ ಒಂದು ಕಚೇರಿಯನ್ನು ಊಹಿಸಿಕೊಳ್ಳಬಹುದು. ಗುರುವಾರ ರಾತ್ರಿ ಹತ್ತೂವರೆಗೆ ಮೇಲಧಿಕಾರಿ ಒಂದು ಕರಡು ವರದಿ ಕಳಿಸುತ್ತಾರೆ. ಈಗಲೇ ನೋಡಿ ಎಂದು ಅವರು ಬರೆದಿಲ್ಲ. ಆದರೂ ಮೊಬೈಲ್ ಸದ್ದು ಮಾಡಿದೆ, ಕೈಕೆಳಗಿನವರು ಓದಿದ್ದಾರೆ, ಹನ್ನೊಂದಕ್ಕೆ ಉತ್ತರಿಸಿದ್ದಾರೆ. ನಿಯಮವನ್ನು ಅಕ್ಷರಶಃ ಹಿಡಿದರೆ ಅವರ ವಿಶ್ರಾಂತಿ ಹನ್ನೊಂದರಿಂದ ಹೊಸದಾಗಿ ಎಣಿಕೆಯಾಗಬೇಕು, ಅಂದರೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮೊದಲು ಅವರು ಕೆಲಸಕ್ಕೆ ಕೂರುವಂತಿಲ್ಲ. ಒಂಬತ್ತರ ಸಭೆಗೆ ಬಂದರೆ ನಿಯಮ ಮುರಿದಂತೆ. ಎರಡು ಸಾಲಿನ ಉತ್ತರಕ್ಕೆ ಇಷ್ಟೊಂದು ಲೆಕ್ಕವೇ ಎನ್ನಿಸಬಹುದು. ಆದರೆ ಇಮೇಲ್‌ನ ಮೇಲೆ ದಿನಾಂಕ, ಗಂಟೆ, ನಿಮಿಷ ಎಲ್ಲವೂ ಅಚ್ಚೊತ್ತಿರುತ್ತವೆ. ವಿವಾದ ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ ವಕೀಲರು ಮುಂದಿಡುವುದು ಇಂಥ ಇಮೇಲ್‌ಗಳ ಕಟ್ಟನ್ನೇ.

ಇದಕ್ಕಾಗಿಯೇ ಅಲ್ಲಿ ಎರಡು ರೂಢಿಗಳು ಬೆಳೆದಿವೆ. ಒಂದು, ಸಹಿಯ ಕೆಳಗಿನ ಸಾಲು: ‘ಕೆಲಸದ ವೇಳೆಯ ಹೊರಗೆ ಈ ಪತ್ರ ತಲುಪಿದರೆ ತಕ್ಷಣ ಉತ್ತರಿಸಬೇಕಿಲ್ಲ.’ ಇನ್ನೊಂದು, ರಾತ್ರಿಯೇ ಬರೆದರೂ ಬೆಳಿಗ್ಗೆ ಹೊರಡುವಂತೆ ಹೊತ್ತು ನಿಗದಿ ಮಾಡಿಡುವುದು. ಎರಡನೆಯದೇ ಮೇಲು. ಮೊದಲನೆಯದರಲ್ಲಿ ಸುಮ್ಮನಿರುವ ಧೈರ್ಯವನ್ನು ಓದುವವರೇ ತಂದುಕೊಳ್ಳಬೇಕು, ಮತ್ತು ಬಡ್ತಿ ಯಾರ ಕೈಯಲ್ಲಿದೆಯೋ ಅವರ ಪತ್ರದ ಮುಂದೆ ಆ ಧೈರ್ಯ ಸುಲಭವಲ್ಲ. ನಿಗದಿ ಮಾಡಿಟ್ಟ ಪತ್ರದಲ್ಲಿ ಆ ಭಾರ ಕಳಿಸುವವರ ಮೇಲೆ ಬೀಳುತ್ತದೆ. ಅದಕ್ಕೂ ದೋಷವುಂಟು: ವಾರಾಂತ್ಯದಲ್ಲಿ ಬರೆದ ಹನ್ನೆರಡು ಪತ್ರಗಳು ಸೋಮವಾರ ಎಂಟಕ್ಕೆ ಒಟ್ಟಿಗೆ ಬಂದು ಬಿದ್ದರೆ, ಭಾನುವಾರದ ಕೆಲಸ ಸೋಮವಾರದ ತಲೆಯ ಮೇಲೆ ಕೂತಿತು ಅಷ್ಟೆ.

ಉತ್ತರಿಸದವರನ್ನು ಶಿಕ್ಷಿಸಬಹುದೇ? ಈ ಪ್ರಶ್ನೆಗೆ ಫ್ರಾನ್ಸ್‌ನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯ 2004ರಲ್ಲೇ, ಅಂದರೆ ಈ ಕಾನೂನಿಗೂ ಹನ್ನೆರಡು ವರ್ಷ ಮೊದಲು, ಆಂಬುಲೆನ್ಸ್ ಚಾಲಕರೊಬ್ಬರ ಪ್ರಕರಣದಲ್ಲಿ ಉತ್ತರ ಕೊಟ್ಟಿತ್ತು: ಕೆಲಸದ ವೇಳೆಯ ಹೊರಗೆ ಸ್ವಂತ ಮೊಬೈಲ್‌ನಲ್ಲಿ ಸಿಗದಿರುವುದು ತಪ್ಪಲ್ಲ, ಅದಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ. 2018ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಇಟ್ಟಿತು. ಕೀಟನಿಯಂತ್ರಣ ಸಂಸ್ಥೆಯೊಂದರ ಪ್ರಾದೇಶಿಕ ನಿರ್ದೇಶಕರು ತುರ್ತು ಕರೆಗಳಿಗಾಗಿ ಫೋನ್ ಸದಾ ತೆರೆದಿಡಬೇಕಿತ್ತು. ಹಾಗೆ ಕಾಯುವುದೂ ಹಣ ಕೊಡಬೇಕಾದ ಸೇವೆಯೇ ಎಂದು ನ್ಯಾಯಾಲಯ ಹೇಳಿತು. ಸಂಸ್ಥೆ ಸುಮಾರು 60,000 ಯೂರೋ ತೆರಬೇಕಾಯಿತು. ನಿಜವಾಗಿಯೂ ತುರ್ತು ಇರುವ ಕಡೆ ಸರದಿ ಹಾಕಿ, ಅದಕ್ಕೆ ಪರಿಹಾರ ಕೊಟ್ಟು ಕಾಯಿಸಬೇಕು ಎಂಬುದು ಇದರ ಅರ್ಥ.

ಬೇರೆ ದೇಶದ ತಂಡಗಳೊಡನೆ ಕೆಲಸ ಮಾಡುವಾಗ ಈ ಲೆಕ್ಕ ತೊಡಕಾಗುತ್ತದೆ. ಪ್ಯಾರಿಸ್ ಬೆಂಗಳೂರಿಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಬೆಂಗಳೂರಿನಿಂದ ಬೆಳಿಗ್ಗೆ ಹತ್ತಕ್ಕೆ ಹೊರಟ ಪತ್ರ ಡಿಸೆಂಬರಿನಲ್ಲಿ ಪ್ಯಾರಿಸ್ ತಲುಪುವಾಗ ಅಲ್ಲಿ ಐದೂವರೆ, ಇನ್ನೂ ಕತ್ತಲು. ಅಲ್ಲಿಂದ ಸಂಜೆ ಆರಕ್ಕೆ ಬಂದ ಉತ್ತರ ಇಲ್ಲಿ ಮುಟ್ಟುವುದು ರಾತ್ರಿ ಹತ್ತೂವರೆಗೆ. ಪ್ಯಾರಿಸ್‌ನವರ ನಿದ್ದೆಯನ್ನು ಅವರ ಕಾನೂನು ಕಾಯುತ್ತದೆ. ಭಾರತದ ಒಪ್ಪಂದದ ಮೇಲೆ ದುಡಿಯುವ ಬೆಂಗಳೂರಿನವರ ರಾತ್ರಿಗೆ ಆ ಕಾನೂನು ಅನ್ವಯಿಸುವುದಿಲ್ಲ.