ಉಳಿಕೆಯ ಲೆಕ್ಕ

ತಿಂಗಳ ಮೊದಲ ವಾರದಲ್ಲಿ ದಿನಸಿ ಅಂಗಡಿಗೆ ಹೊರಡುವವರ ಕೈಯಲ್ಲಿರುವ ಪಟ್ಟಿಯು ಬಹುಮಟ್ಟಿಗೆ ಹಿಂದಿನ ತಿಂಗಳ ಪಟ್ಟಿಯ ಪ್ರತಿಯೇ ಆಗಿದ್ದು, ಅದರಲ್ಲಿ ಬೇಕಾದ ಪದಾರ್ಥಗಳ ಹೆಸರುಗಳಿರುತ್ತವೆಯೇ ಹೊರತು ಮನೆಯಲ್ಲಿ ಉಳಿದಿರುವುದರ ಉಲ್ಲೇಖವಿರುವುದಿಲ್ಲ. ಡಬ್ಬಿಯಲ್ಲಿ ರವೆ ಇರುವಾಗಲೇ ಮತ್ತೊಂದು ಪೊಟ್ಟಣ ಬಂದು, ಹಳೆಯದು ಕಪಾಟಿನ ಹಿಂಬದಿಗೆ ಸರಿದು, ಹುಳು ಹಿಡಿದ ಮೇಲೆ ಕಣ್ಣಿಗೆ ಬೀಳುವುದಕ್ಕೆ ಪಟ್ಟಿಯ ಈ ನ್ಯೂನತೆಯೇ ಕಾರಣ. ಪ್ರತಿಯೊಂದು ಹೆಸರಿನ ಮುಂದೆಯೂ ಬಳಕೆ, ಉಳಿಕೆ, ತರಬೇಕಾದದ್ದು ಎಂಬ ಮೂರು ಅಂಕಣಗಳನ್ನು ಎಳೆದುಕೊಂಡರೆ ಈ ದೋಷವು ಪರಿಹಾರವಾಗುತ್ತದೆ.

ಇವುಗಳಲ್ಲಿ ಬಳಕೆಯ ಅಂಕಣವನ್ನು ಊಹೆಯಿಂದ ತುಂಬಿಸುವುದು ಸಲ್ಲದು. ನಾಲ್ವರ ಸಂಸಾರದಲ್ಲಿ ದಿನಕ್ಕೆ 100 ಗ್ರಾಂ ತೊಗರಿಬೇಳೆ ಬೇಯುವುದೆಂದು ಎಣಿಸಿ ತಿಂಗಳಿಗೆ 3 ಕಿಲೋ ಎಂದು ಬರೆದಿದ್ದಾರೆಂದು ಭಾವಿಸೋಣ. ತಿಂಗಳ ಆರಂಭದಲ್ಲಿ ಅರ್ಧ ಕಿಲೋ ಇತ್ತು, 3 ಕಿಲೋ ತಂದರು, ಕೊನೆಯಲ್ಲಿ 800 ಗ್ರಾಂ ಉಳಿಯಿತು. ಆರಂಭದ ಉಳಿಕೆಗೆ ತಂದದ್ದನ್ನು ಕೂಡಿಸಿ ಕೊನೆಯ ಉಳಿಕೆಯನ್ನು ಕಳೆದರೆ ನಿಜವಾದ ಬಳಕೆ 2 ಕಿಲೋ 700 ಗ್ರಾಂ ಎಂದು ತಿಳಿಯುತ್ತದೆ. ಅತಿಥಿಗಳು ಬಂದಾರೆಂದು ಅರ್ಧ ಕಿಲೋವನ್ನು ಆಪದ್ಧನದಂತೆ ಇಟ್ಟುಕೊಂಡರೂ ಮುಂದಿನ ತಿಂಗಳಿಗೆ ಬೇಕಾಗುವುದು ಒಟ್ಟು 3 ಕಿಲೋ 200 ಗ್ರಾಂ. ಮನೆಯಲ್ಲಿರುವ 800 ಗ್ರಾಮನ್ನು ಕಳೆದರೆ ತರಬೇಕಾದದ್ದು 2 ಕಿಲೋ 400 ಗ್ರಾಂ, ಅಂದರೆ ಪೊಟ್ಟಣಗಳ ಲೆಕ್ಕದಲ್ಲಿ ಎರಡೂವರೆ ಕಿಲೋ. ಎರಡು ಮೂರು ತಿಂಗಳು ಹೀಗೆ ಬರೆದಿಟ್ಟರೆ ಬಳಕೆಯ ಅಂಕಿಯು ತಾನಾಗಿಯೇ ನಿಶ್ಚಿತವಾಗುತ್ತದೆ.

ಉಳಿಕೆಯನ್ನು ಅಳೆಯಲು ತಕ್ಕಡಿಯೇ ಬೇಕೆಂದಿಲ್ಲ. ಖಾಲಿ ಡಬ್ಬಿಗೆ ಒಂದು ಕಿಲೋ ಪೊಟ್ಟಣವನ್ನು ಸುರಿದು, ಬೇಳೆ ನಿಂತ ಮಟ್ಟಕ್ಕೆ ಹೊರಗೆ ಒಂದು ಗೆರೆಯನ್ನೆಳೆದರೆ ಸಾಕು. ಆದರೆ ಒಂದೇ ಪದಾರ್ಥವು ಡಬ್ಬಿಯಲ್ಲಿ ಸ್ವಲ್ಪ, ಬಾಯಿ ಕಟ್ಟಿದ ಪೊಟ್ಟಣದಲ್ಲಿ ಸ್ವಲ್ಪ, ಅಟ್ಟದ ಮೇಲೆ ಸ್ವಲ್ಪ ಹಂಚಿಹೋಗಿರುವ ಮನೆಗಳಲ್ಲಿ, ಡಬ್ಬಿಯನ್ನು ಮಾತ್ರ ನೋಡಿ ಬರೆದ ಉಳಿಕೆಯು ಸುಳ್ಳಾಗುತ್ತದೆ. ಆದ್ದರಿಂದ ಅವೆಲ್ಲವನ್ನೂ ಒಟ್ಟುಗೂಡಿಸಿದ ಮೇಲೆಯೇ ಅಂಕಿಯನ್ನು ಬರೆಯಬೇಕು. ರವೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯು ಅವಶ್ಯಕ: ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಇಡ್ಲಿ ರವೆಗಳು ಒಂದರ ಬದಲು ಇನ್ನೊಂದು ಸಲ್ಲುವ ವಸ್ತುಗಳಲ್ಲವಾದ್ದರಿಂದ ಅವುಗಳನ್ನು ಮೂರು ಪ್ರತ್ಯೇಕ ಸಾಲುಗಳಲ್ಲಿ ಬರೆಯತಕ್ಕದ್ದು.

ಈ ಗಣಿತಕ್ಕೆ ಒಳಪಡದ ಪದಾರ್ಥಗಳೂ ಉಂಟು. ಹುಣಸೆಹಣ್ಣು, ಒಣಮೆಣಸಿನಕಾಯಿಗಳನ್ನು ಅನೇಕರು ಬೇಸಗೆಯಲ್ಲಿ ವರ್ಷಕ್ಕಾಗುವಷ್ಟು ಸಂಗ್ರಹಿಸುತ್ತಾರೆ. ಕೊತ್ತಂಬರಿಬೀಜವು ಸಾರಿನ ಪುಡಿ ಮಾಡುವ ದಿನ ಒಮ್ಮೆಲೇ ಕರಗಿ, ಅನಂತರ ಎರಡು ತಿಂಗಳು ಬೇಕಾಗದಿರಬಹುದು. ಗೌರೀಗಣೇಶ ಹಬ್ಬದ ತಿಂಗಳ ಬೆಲ್ಲದ ಬಳಕೆಯನ್ನು ಮರುತಿಂಗಳಿಗೆ ಆಧಾರವಾಗಿಟ್ಟುಕೊಂಡರೆ ಅನಾವಶ್ಯಕ ಬೆಲ್ಲವು ಮನೆಗೆ ಬಂದು ಮಳೆಗಾಲದ ತೇವಕ್ಕೆ ನೀರೊಡೆಯುತ್ತದೆ. ಇಂಥವುಗಳಿಗೆ ಪಟ್ಟಿಯ ಕೆಳಗೆ ಬೇರೆಯ ಸ್ಥಳವನ್ನು ಬಿಟ್ಟು, ಕಡೆಯ ಬಾರಿ ಕೊಂಡ ತಿಂಗಳನ್ನೂ ಪ್ರಮಾಣವನ್ನೂ ಗುರುತಿಸಿಟ್ಟುಕೊಳ್ಳುವುದು ಮೇಲು.