ಡ್ರೈನ್, ಕ್ಯಾಥೆಟರ್ ಮತ್ತು ಪಾಳಿ ಬದಲಾಗುವ ಹೊತ್ತು

ಸರ್ಜಿಕಲ್ ವಾರ್ಡಿನಲ್ಲಿ ಒಬ್ಬ ನರ್ಸ್ ಡ್ಯೂಟಿ ಮುಗಿಸಿ ಹೊರಡುವಾಗ ತನ್ನ ರೋಗಿಗಳನ್ನು ಮುಂದಿನ ಪಾಳಿಯ ನರ್ಸ್‌ಗೆ ಒಪ್ಪಿಸಿ ಹೋಗುವುದಕ್ಕೆ ಹ್ಯಾಂಡೋವರ್ ಎನ್ನುತ್ತಾರೆ. ಆಗ ಯಾವುದೂ ಬಿಟ್ಟುಹೋಗದಂತೆ ನೋಡಿಕೊಳ್ಳಲು ಒಂದು ಚೆಕ್‌ಲಿಸ್ಟ್ ಇರುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಅನೇಕ ರೋಗಿಗಳ ಮೈಗೆ ಎರಡು ಕೊಳವೆಗಳಿರುತ್ತವೆ. ಆಪರೇಷನ್ ಆದ ಜಾಗದಲ್ಲಿ ಸೇರುವ ರಕ್ತ ಮತ್ತು ನೀರನ್ನು ಹೊರಗೆ ತರುವುದು ಡ್ರೈನ್. ಮೂತ್ರಕೋಶದಿಂದ ಮೂತ್ರವನ್ನು ಚೀಲಕ್ಕೆ ಹರಿಸುವುದು ಕ್ಯಾಥೆಟರ್. ಈ ಎರಡರ ವಿಷಯದಲ್ಲಿ ಚೆಕ್‌ಲಿಸ್ಟನ್ನು ನರ್ಸಿಂಗ್ ಸ್ಟೇಷನ್ನಿನಲ್ಲಿ ಕುಳಿತು ತುಂಬುವಂತಿಲ್ಲ. ಇಬ್ಬರು ನರ್ಸ್‌ಗಳೂ ರೋಗಿಯ ಮಂಚದ ಪಕ್ಕದಲ್ಲಿ ನಿಂತು, ಕೊಳವೆಯನ್ನು ಕಣ್ಣಾರೆ ನೋಡಿ ತುಂಬಬೇಕು.

ನೋಡುವುದಕ್ಕೂ ಒಂದು ಕ್ರಮವಿದೆ. ಕೊಳವೆ ಚರ್ಮದಿಂದ ಹೊರಬರುವ ಜಾಗದಿಂದ ಶುರುಮಾಡಿ ಚೀಲದ ತುದಿಯವರೆಗೆ ಕೈಯಾಡಿಸುತ್ತಾ ಹೋಗಬೇಕು. ಡ್ರೈನ್‌ಗೆ ಹಾಕಿದ ಹೊಲಿಗೆ ಬಿಗಿಯಾಗಿದೆಯೇ, ಸುತ್ತಲಿನ ಬ್ಯಾಂಡೇಜ್ ಒದ್ದೆಯಾಗಿದೆಯೇ ಎಂಬುದು ಮೊದಲು. ಬ್ಯಾಂಡೇಜ್ ತೊಯ್ದಿದ್ದು ಚೀಲ ಖಾಲಿಯಿದ್ದರೆ, ದ್ರವ ಕೊಳವೆಯ ಒಳಗಿಂದ ಬರದೆ ಪಕ್ಕದಿಂದ ಸೋರುತ್ತಿದೆ ಎಂದರ್ಥ. ಆಮೇಲೆ ಕೊಳವೆ ಎಲ್ಲಾದರೂ ಮಡಚಿದೆಯೇ, ರೋಗಿಯ ತೊಡೆಯ ಕೆಳಗೆ ಸಿಕ್ಕಿದೆಯೇ, ಕ್ಲ್ಯಾಂಪ್ ತೆರೆದಿದೆಯೇ ಎಂದು ನೋಡಬೇಕು. ಒತ್ತಿ ಕುಗ್ಗಿಸಿಟ್ಟು ಹೀರುವಂತೆ ಮಾಡುವ ಡ್ರೈನ್ ಆದರೆ ಅದು ಕುಗ್ಗಿದ ಸ್ಥಿತಿಯಲ್ಲೇ ಇರಬೇಕು. ಪೂರ್ತಿ ಅರಳಿದ್ದರೆ ಹೀರುವ ಬಲ ಹೋಗಿದೆ. ಖಾಲಿ ಮಾಡುವಾಗ ಮುಚ್ಚಿದ ಕ್ಲ್ಯಾಂಪನ್ನು ಮತ್ತೆ ತೆರೆಯಲು ಮರೆಯುವುದು ವಾರ್ಡುಗಳಲ್ಲಿ ಆಗುವ ತಪ್ಪು. ಚಾರ್ಟಿನಲ್ಲಿ 'ಡ್ರೈನ್: 0' ಎಂದು ಬರುತ್ತದೆ, ಓದಿದವರು ಗಾಯ ಒಣಗುತ್ತಿದೆ ಎಂದುಕೊಳ್ಳುತ್ತಾರೆ, ದ್ರವ ಒಳಗೇ ತುಂಬುತ್ತಿರುತ್ತದೆ. ಹೀಗಾಗಿ ಸೊನ್ನೆಯನ್ನು ಬರೆಯುವ ಮುನ್ನ ಕೊಳವೆಯನ್ನು ನೋಡಿದ್ದೇ ಎಂದು ಕೇಳಿಕೊಳ್ಳಲೇಬೇಕು.

ಕ್ಯಾಥೆಟರಿನಲ್ಲಿ ನೋಡುವುದು ಸ್ವಲ್ಪ ಬೇರೆ. ಅದು ತೊಡೆಗೆ ಅಂಟಿಸಿ ಭದ್ರವಾಗಿರಬೇಕು, ಚೀಲ ಮೂತ್ರಕೋಶಕ್ಕಿಂತ ಕೆಳಮಟ್ಟದಲ್ಲಿ ತೂಗಬೇಕು, ಆದರೆ ನೆಲಕ್ಕೆ ತಾಗಬಾರದು. ಕ್ಯಾಥೆಟರ್ ಮತ್ತು ಚೀಲದ ಕೊಳವೆ ಕೂಡುವ ಜಾಗವನ್ನು ಸುಮ್ಮನೆ ಬಿಚ್ಚಬಾರದು. ಸೋಂಕು ಒಳಹೋಗುವ ದಾರಿಗಳಲ್ಲಿ ಅದೂ ಒಂದು. ಹಾಕಿದ ದಿನಾಂಕ ಮತ್ತು ಇವತ್ತಿಗೂ ಅದು ಯಾಕೆ ಬೇಕು ಎಂಬ ಕಾರಣ, ಇವೆರಡೂ ಚೆಕ್‌ಲಿಸ್ಟಿನಲ್ಲಿ ಇರಬೇಕು. ಕ್ಯಾಥೆಟರ್ ಒಳಗಿರುವ ದಿನಗಳು ಹೆಚ್ಚಿದಷ್ಟೂ ಸೋಂಕಿನ ಸಾಧ್ಯತೆ ಹೆಚ್ಚುವುದರಿಂದ ಕಾರಣ ಹೇಳಲಾಗದ ಕ್ಯಾಥೆಟರ್ ಬಗ್ಗೆ ವೈದ್ಯರನ್ನು ಕೇಳುವುದೂ ಹ್ಯಾಂಡೋವರಿನ ಕೆಲಸವೇ.

ಇನ್ನು ಅಳತೆ. ಚೀಲದ ಮೇಲಿನ ಗೆರೆಗಳು ಅಂದಾಜು ಮಾತ್ರ. ಅಳತೆಯ ಜಗ್ಗಿಗೆ ಸುರಿದು ನೋಡಿದ ಅಂಕಿಯೇ ನಂಬಲು ಯೋಗ್ಯ. ಪಾಳಿ ಬದಲಾಗುವಾಗ ಚೀಲ ಖಾಲಿ ಮಾಡಿ, ಇಬ್ಬರೂ ನೋಡಿ ಬರೆದರೆ ಹೊಸ ಪಾಳಿಯ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ನಡುವೆ ಮನೆಯವರೋ ಆಯಾನೋ ಚೀಲ ಖಾಲಿ ಮಾಡಿದ್ದರೆ ಆ ಲೆಕ್ಕ ಚಾರ್ಟಿಗೆ ಬಂದಿದೆಯೇ ಎಂದು ವಿಚಾರಿಸಬೇಕು. ಎರಡು ಡ್ರೈನ್ ಇದ್ದರೆ ಎರಡಕ್ಕೂ ಚೀಟಿ ಅಂಟಿಸಿ ಬೇರೆ ಬೇರೆ ಬರೆಯಬೇಕು. ಎಷ್ಟು ಬಂತು ಎಂಬುದರ ಜೊತೆಗೆ ಹೇಗಿದೆ ಎಂಬುದನ್ನೂ ಬರೆಯಬೇಕು: ಕೆಂಪು ರಕ್ತವೇ, ತಿಳಿಗುಲಾಬಿ ನೀರೇ, ಹಸಿರು ಹಳದಿಯ ಪಿತ್ತವೇ, ಕೀವೇ, ಮಲದ ವಾಸನೆಯೇ. ಕರುಳಿನ ಹೊಲಿಗೆ ಬಿಟ್ಟಿದ್ದರೆ ಆ ಸುಳಿವನ್ನು ಬಣ್ಣ ಮತ್ತು ವಾಸನೆ ಕೊಡಬಲ್ಲವು, ಮಿಲಿಲೀಟರಿನ ಅಂಕಿಯಿಂದ ಅದು ತಿಳಿಯುವುದಿಲ್ಲ.

ಎರಡೂ ಕೊಳವೆಗಳ ಅಂಕಿಗಳನ್ನು ಜೊತೆಗಿಟ್ಟು ಓದಬೇಕು ಎನ್ನುವುದು ಯಾಕೆಂದು ಒಂದು ಉದಾಹರಣೆಯಿಂದ ತಿಳಿಯುತ್ತದೆ. 60 ಕೆಜಿ ತೂಕದ ರೋಗಿಯೊಬ್ಬರಿಗೆ ದೊಡ್ಡ ಕರುಳಿನ ಕೆಳಭಾಗದ ಗಡ್ಡೆ ತೆಗೆದು ಎರಡು ದಿನವಾಗಿದೆ ಎಂದುಕೊಳ್ಳೋಣ. ಬೆಳಿಗ್ಗೆ 8ರಿಂದ 2ರವರೆಗಿನ ಪಾಳಿಯಲ್ಲಿ ಮೂತ್ರ 360 ಮಿ.ಲೀ., ಡ್ರೈನಿನಲ್ಲಿ 40 ಮಿ.ಲೀ. ಗುಲಾಬಿ ನೀರು. ಮಧ್ಯಾಹ್ನ 2ರಿಂದ ರಾತ್ರಿ 8ರ ಪಾಳಿಯಲ್ಲಿ ಮೂತ್ರ 180, ಡ್ರೈನ್ 220. ಎರಡೂ ಪಾಳಿಯ ಒಟ್ಟು ಮೊತ್ತ 400. ಒಟ್ಟನ್ನು ಮಾತ್ರ ಓದಿ ಹೇಳಿದರೆ ಏನೂ ಬದಲಾಗಿಲ್ಲ. ಮೂತ್ರದ ಅಂಕಿಯೊಂದನ್ನೇ ನೋಡಿದರೂ ಎಚ್ಚರಿಕೆ ಬರುವುದಿಲ್ಲ. ಒಂದು ಕೆಜಿ ತೂಕಕ್ಕೆ ಗಂಟೆಗೆ ಅರ್ಧ ಮಿ.ಲೀ. ಮೂತ್ರ ಬರಬೇಕು ಎಂಬುದು ವಾರ್ಡಿನ ಸಾಮಾನ್ಯ ಅಳತೆಗೋಲು. ಈ ರೋಗಿಗೆ ಅದು ಗಂಟೆಗೆ 30. ಬಂದಿರುವುದೂ ಸರಿಯಾಗಿ ಅಷ್ಟೇ.

ಮಂಚದ ಪಕ್ಕ ನಿಂತ ನರ್ಸ್‌ಗೆ ಕಾಣುವುದು ಬೇರೆ. ಮೂತ್ರ ಅರ್ಧಕ್ಕಿಳಿದಿದೆ, ಡ್ರೈನ್ ಐದು ಪಟ್ಟಿಗಿಂತ ಹೆಚ್ಚಾಗಿದೆ, ಅದರ ಬಣ್ಣ ಗುಲಾಬಿಯಿಂದ ತಿಳಿಹಳದಿಗೆ ತಿರುಗಿದೆ. ಕ್ಯಾಥೆಟರ್ ಮಡಚಿಲ್ಲ, ಕಿಬ್ಬೊಟ್ಟೆ ಉಬ್ಬಿಲ್ಲ. ನಾಡಿ, ರಕ್ತದೊತ್ತಡ ಸರಿಯಿವೆ. ಡ್ರೈನಿನಲ್ಲಿ ಕೆಂಪು ರಕ್ತವಿಲ್ಲದೆ ಇರುವುದರಿಂದ ರಕ್ತಸ್ರಾವದ ಗುರುತೂ ಇಲ್ಲ. ಉಳಿಯುವ ಒಂದು ಅನುಮಾನವೆಂದರೆ, ಮೂತ್ರವೇ ಡ್ರೈನಿನಿಂದ ಬರುತ್ತಿರಬಹುದೇ ಎಂಬುದು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ದೊಡ್ಡ ಕರುಳಿನ ಕೆಳಭಾಗದ ಹತ್ತಿರವೇ ಹಾದುಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಪೆಟ್ಟಾಗಿದ್ದರೆ, ಕೆಲವೊಮ್ಮೆ ಒಂದೆರಡು ದಿನ ಕಳೆದ ಮೇಲೆ ಸೋರಿಕೆ ಶುರುವಾಗುತ್ತದೆ.

ಅನುಮಾನವನ್ನು ಪರೀಕ್ಷಿಸುವ ದಾರಿ ಸರಳ. ಡ್ಯೂಟಿ ಡಾಕ್ಟರ್ ಡ್ರೈನಿನ ದ್ರವವನ್ನೂ ರಕ್ತವನ್ನೂ ಒಟ್ಟಿಗೆ ಲ್ಯಾಬಿಗೆ ಕಳಿಸಿ ಕ್ರಿಯಾಟಿನಿನ್ ನೋಡಿಸುತ್ತಾರೆ. ಡ್ರೈನಿನಲ್ಲಿ ಅದು ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಇದ್ದರೆ ಬಂದಿರುವುದು ಮೂತ್ರ. ಹೆಚ್ಚುಕಡಿಮೆ ಒಂದೇ ಇದ್ದರೆ ಹೊಟ್ಟೆಯೊಳಗಿನ ಸಾಮಾನ್ಯ ದ್ರವ. ಸೋರಿಕೆ ಎಲ್ಲಿ ಎಂಬುದಕ್ಕೆ ಮುಂದೆ ಸ್ಕ್ಯಾನ್ ಬೇಕು. ಇದನ್ನೆಲ್ಲ ನಿರ್ಧರಿಸುವುದು ನರ್ಸ್ ಅಲ್ಲ. ಆದರೆ ಫೋನಿನಲ್ಲಿ 'ಡ್ರೈನ್ ಜಾಸ್ತಿ ಬಂದಿದೆ' ಎಂದಷ್ಟೇ ಹೇಳುವುದಕ್ಕೂ, ಎರಡು ಪಾಳಿಯ ನಾಲ್ಕು ಅಂಕಿ, ಬಣ್ಣ, ನಾಡಿ, ರಕ್ತದೊತ್ತಡ ಹೇಳಿ 'ಬಂದು ನೋಡಬೇಕು' ಎಂದು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಈಗಿನ ಸ್ಥಿತಿ, ಹಿನ್ನೆಲೆ, ಕಂಡದ್ದು, ಬೇಕಾದದ್ದು ಎಂಬ ನಾಲ್ಕು ಮೆಟ್ಟಿಲಿನ ಈ ಮಾತಿನ ಕ್ರಮ ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗಳಿಗೆ ಬಂದದ್ದು. ಇದೇ ರೋಗಿಯ ಕೇಸ್ ಶೀಟಿನಲ್ಲಿ 'ನಾಳೆ ಬೆಳಿಗ್ಗೆ ಕ್ಯಾಥೆಟರ್ ಮತ್ತು ಡ್ರೈನ್ ತೆಗೆಯುವುದು' ಎಂಬ ಹಳೆಯ ಆರ್ಡರ್ ಇದ್ದರೆ ಅದನ್ನೂ ಆಗಲೇ ಹೇಳಬೇಕು. ಸೋರುತ್ತಿರುವ ಮೂತ್ರಕ್ಕೆ ಹೊರಗೆ ಬರಲು ಸದ್ಯಕ್ಕಿರುವ ದಾರಿ ಆ ಡ್ರೈನ್. ವೈದ್ಯರು ನೋಡುವವರೆಗೆ ಎರಡನ್ನೂ ಮುಟ್ಟಬಾರದು.

ಡ್ರೈನಿನಲ್ಲಿ ಎಷ್ಟು ಬಂದರೆ ಹೆಚ್ಚು ಎಂಬುದಕ್ಕೆ ಎಲ್ಲ ರೋಗಿಗಳಿಗೂ ಹೊಂದುವ ಒಂದೇ ಅಂಕಿ ಇಲ್ಲ. ಸ್ತನದ ಶಸ್ತ್ರಚಿಕಿತ್ಸೆಯ ಡ್ರೈನ್ ಬೇರೆ, ಪಿತ್ತನಾಳಕ್ಕೆ ಹಾಕಿದ ಕೊಳವೆ ಬೇರೆ. 'ಇಷ್ಟು ದಾಟಿದರೆ ಕರೆಯಿರಿ' ಎಂಬ ಮಿತಿಯನ್ನು ಸರ್ಜನ್ ಬರೆದಿಟ್ಟರೆ ಚೆಕ್‌ಲಿಸ್ಟ್ ಉಪಯೋಗಕ್ಕೆ ಬರುತ್ತದೆ. ಅದಿಲ್ಲದ ಕಡೆ, ಹಿಂದಿನ ಪಾಳಿಗಿಂತ ಎಷ್ಟು ಬದಲಾಗಿದೆ ಎಂಬುದೇ ನರ್ಸ್ ಕೈಗೆ ಸಿಗುವ ಆಧಾರ.

ತೆಗೆದ ಕೊಳವೆಯೂ ಆ ದಿನದ ಚೆಕ್‌ಲಿಸ್ಟಿನಲ್ಲಿ ಇರಬೇಕಾಗುತ್ತದೆ. ಡ್ರೈನ್ ತೆಗೆದಾಗ ತುದಿ ಮುರಿಯದೆ ಪೂರ್ತಿ ಹೊರಬಂದಿದೆ ಎಂದು ನೋಡಿ ಬರೆದಿರಬೇಕು, ಮುಂದಿನ ಪಾಳಿಯವರು ಆ ಜಾಗದ ಬ್ಯಾಂಡೇಜ್ ನೋಡಬೇಕು. ಕ್ಯಾಥೆಟರ್ ಆದರೆ ತೆಗೆದ ಸಮಯ, ಆಮೇಲೆ ರೋಗಿ ತಾನಾಗಿ ಮೂತ್ರ ಮಾಡಿದ ಸಮಯ ಮತ್ತು ಪ್ರಮಾಣ ಬರೆದಿರಬೇಕು. ಮಧ್ಯಾಹ್ನ 12ಕ್ಕೆ ತೆಗೆದ ಕ್ಯಾಥೆಟರಿನ ಸುದ್ದಿ 2 ಗಂಟೆಯ ಹ್ಯಾಂಡೋವರಿನಲ್ಲಿ ಬಿಟ್ಟುಹೋದರೆ, ಸಂಜೆ 6 ದಾಟಿದರೂ ರೋಗಿಗೆ ಮೂತ್ರ ಬಂದಿಲ್ಲ ಎಂಬುದು ಯಾರ ಗಮನಕ್ಕೂ ಬಾರದು. ಆರು ಗಂಟೆಯಾದರೂ ಬಾರದಿದ್ದರೆ ಅಥವಾ ಅದಕ್ಕೂ ಮೊದಲೇ ಕಿಬ್ಬೊಟ್ಟೆ ಉಬ್ಬಿ ನೋವು ಕಾಣಿಸಿದರೆ ಡ್ಯೂಟಿ ಡಾಕ್ಟರಿಗೆ ತಿಳಿಸಬೇಕು.